ಬೋರ್ಡಿನ ಮೇಲೆ 60, ಪರದೆಯ ಮೇಲೆ 38

ಹೆದ್ದಾರಿ ಬದಿಯ ಹೋಟೆಲಿನ ಪಕ್ಕದಲ್ಲಿ ನಿಲ್ಲಿಸಿರುವ ಚಾರ್ಜರ್‌ಗಳ ಹತ್ತಿರ ಅರ್ಧ ಗಂಟೆ ಕೂತರೆ ಒಂದು ಜಗಳ ಕಿವಿಗೆ ಬಿದ್ದೇ ಬೀಳುತ್ತದೆ. ‘ಏನಪ್ಪಾ, ಬೋರ್ಡ್ ಮೇಲೆ ಅರವತ್ತು ಕಿಲೋವ್ಯಾಟ್ ಅಂತ ಬರ್ಕೊಂಡಿದೀರ, ಇಲ್ನೋಡಿದ್ರೆ ಮೂವತ್ತೆಂಟು ತೋರಿಸ್ತಾ ಇದೆ?’ ಅಲ್ಲಿ ಕಾವಲಿಗಿರುವ ಹುಡುಗನ ಬಳಿ ಇದಕ್ಕೆ ಎರಡು ಉತ್ತರ ಸಿದ್ಧ ಇರುತ್ತವೆ. ‘ಗನ್ ತೆಗ್ದು ಇನ್ನೊಂದ್ಸಲ ಹಾಕಿ ನೋಡಿ ಸಾರ್’ ಎನ್ನುವುದು ಒಂದು. ‘ನಿಮ್ ಗಾಡಿನೇ ಅಷ್ಟು ತಗೊಳ್ತಿರೋದು ಸಾರ್’ ಎನ್ನುವುದು ಇನ್ನೊಂದು. ಎರಡನೆಯದನ್ನು ಕೇಳಿದ ಕಾರಿನವರು ಇದು ತಪ್ಪಿಸಿಕೊಳ್ಳುವ ಮಾತು ಎಂದುಕೊಳ್ಳುತ್ತಾರೆ. ಹುಡುಗನಿಗೆ ಕಾರಣ ಗೊತ್ತಿರಲಿ ಬಿಡಲಿ, ಹೆಚ್ಚಿನ ಸಲ ಅವನು ಹೇಳಿದ್ದೇ ನಿಜ.

ಬೋರ್ಡಿನ ಮೇಲಿರುವ ಸಂಖ್ಯೆ ಆ ಯಂತ್ರ ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬುದನ್ನು ಹೇಳುತ್ತದೆ. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಕಾರು. ನಮ್ಮಲ್ಲಿ ಈಗ ಬರುವ ಹೆಚ್ಚಿನ ಕಾರುಗಳಿಗೆ ಹೊಂದುವುದು ಸಿಸಿಎಸ್-2 ಎಂಬ ಗನ್. ಅದರ ಕೆಳಭಾಗದಲ್ಲಿರುವ ಎರಡು ದಪ್ಪ ಕಂಡಿಗಳ ಮೂಲಕ ಬ್ಯಾಟರಿಗೆ ನೇರವಾಗಿ ಡಿ.ಸಿ. ವಿದ್ಯುತ್ತು ಹರಿಯುತ್ತದೆ. ಮೇಲ್ಭಾಗದ ಸಣ್ಣ ಪಿನ್ನುಗಳಲ್ಲಿ ಒಂದು ಬರೀ ಮಾತುಕತೆಗೆ ಮೀಸಲು. ಗನ್ ಚುಚ್ಚಿದ ಮೇಲೆ ‘ಟಕ್’ ಎಂದು ಬೀಗ ಬಿದ್ದು, ಅರ್ಧ ನಿಮಿಷ ಏನೂ ಆಗದಂತೆ ಕಾಣುತ್ತದಲ್ಲ, ಆಗ ಎರಡೂ ಕಡೆಯವರು ಮಾತಾಡಿಕೊಳ್ಳುತ್ತಿರುತ್ತಾರೆ. ತಂತಿಯಲ್ಲಿ ಎಲ್ಲಾದರೂ ಸೋರಿಕೆ ಇದೆಯೇ ಎಂಬ ಪರೀಕ್ಷೆ ನಡೆಯುತ್ತದೆ. ಆಮೇಲೆ ಯಂತ್ರ ತನ್ನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿನ ಮಟ್ಟಕ್ಕೆ ತಂದುಕೊಳ್ಳುತ್ತದೆ. ಇಷ್ಟಾದ ಮೇಲೆ ಕಾರು ‘ಇಷ್ಟು ಆಂಪಿಯರ್ ಕೊಡು’ ಎಂದು ಕೇಳುತ್ತದೆ, ಯಂತ್ರ ಕೊಡುತ್ತದೆ. ಆ ಬೇಡಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಗನ್ ತೆಗೆಯುವವರೆಗೂ ಸೆಕೆಂಡಿಗೆ ಹಲವು ಬಾರಿ ಹೊಸದಾಗಿ ಹೋಗುತ್ತಲೇ ಇರುತ್ತದೆ. ಯಂತ್ರ ಕೇಳಿದ್ದಕ್ಕಿಂತ ಕಡಿಮೆ ಕೊಡಬಹುದು, ಹೆಚ್ಚು ಕೊಡುವಂತಿಲ್ಲ.

ಹಾಗಾಗಿ ಪರದೆಯ ಮೇಲೆ ಕಾಣುವ ಕಿಲೋವ್ಯಾಟ್, ಕಾರು ಕೇಳಿದ್ದು ಮತ್ತು ಯಂತ್ರದ ಕೈಲಾಗುವುದು ಇವೆರಡರಲ್ಲಿ ಯಾವುದು ಚಿಕ್ಕದೋ ಅದು. ಆ ಹೊತ್ತಿನಲ್ಲಿ ಯಾವುದು ಚಿಕ್ಕದಾಗಿದೆ ಎಂದು ಪತ್ತೆ ಹಚ್ಚಿದರೆ ಜಗಳ ಬಗೆಹರಿಯುತ್ತದೆ. ಅದಕ್ಕೆ ಬೇಕಾದ ಸುಳಿವು ಅದೇ ಪರದೆಯಲ್ಲಿದೆ. ಕಿಲೋವ್ಯಾಟ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ವೋಲ್ಟ್ ಮತ್ತು ಆಂಪಿಯರ್ ಕೂಡ ಇರುತ್ತವೆ. ಯಾರೂ ನೋಡುವುದಿಲ್ಲ, ಅಷ್ಟೆ.

ಮೊದಲು ಯಂತ್ರದ ಕಡೆಯ ಲೆಕ್ಕವನ್ನೇ ಮುಗಿಸೋಣ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಇದು ಹೈಸ್ಕೂಲಿನ ಪಾಠ, ಎಲ್ಲರಿಗೂ ಗೊತ್ತು. ಇದರಲ್ಲಿ ವೋಲ್ಟನ್ನು ನಿರ್ಧರಿಸುವುದು ಕಾರಿನ ಬ್ಯಾಟರಿ, ಯಂತ್ರಕ್ಕೆ ಅದರ ಮೇಲೆ ಹಿಡಿತವಿಲ್ಲ. ಯಂತ್ರದ ಮಿತಿ ಇರುವುದು ಆಂಪಿಯರ್‌ನಲ್ಲಿ, ಯಾಕೆಂದರೆ ಕೇಬಲ್ಲು, ಗನ್ನು, ಒಳಗಿನ ಸರ್ಕೀಟು ಇವೆಲ್ಲ ಕಾಯುವುದು ಆಂಪಿಯರ್‌ನಿಂದ. ಮೊದಮೊದಲು ಬಂದ 50 ಕಿಲೋವ್ಯಾಟಿನ ಯಂತ್ರಗಳಲ್ಲಿ ಹಲವು ಕೊಡುತ್ತಿದ್ದುದು ಹೆಚ್ಚೆಂದರೆ 125 ಆಂಪಿಯರ್. 125 ಆಂಪಿಯರ್‌ನಲ್ಲಿ 50 ಕಿಲೋವ್ಯಾಟ್ ಬರಬೇಕಾದರೆ ಬ್ಯಾಟರಿ 400 ವೋಲ್ಟಿನಲ್ಲಿರಬೇಕು. ಸಾಮಾನ್ಯ ಕಾರಿನ ಬ್ಯಾಟರಿ ಖಾಲಿ ಹೊಟ್ಟೆಯಲ್ಲಿ 350 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. 350ನ್ನು 125ರಿಂದ ಗುಣಿಸಿದರೆ ಸಿಗುವುದು 44 ಕಿಲೋವ್ಯಾಟಿಗೂ ಸ್ವಲ್ಪ ಕಡಿಮೆ. ಬ್ಯಾಟರಿ 400 ವೋಲ್ಟಿಗೆ ಏರುವ ಹೊತ್ತಿಗೆ ಅದು ಮುಕ್ಕಾಲಿಗಿಂತ ಹೆಚ್ಚು ತುಂಬಿರುತ್ತದೆ, ಆಗ ಕಾರೇ ಕಡಿಮೆ ಕೇಳಲು ಶುರು ಮಾಡಿರುತ್ತದೆ. ಅಂದರೆ ಅಂಥ ಯಂತ್ರದಲ್ಲಿ ಬೋರ್ಡಿನ 50 ಅನ್ನು ಎಷ್ಟೋ ಕಾರುಗಳು ಒಂದು ಸಲವೂ ಮುಟ್ಟುವುದಿಲ್ಲ. ಯಂತ್ರ ಕೆಟ್ಟಿಲ್ಲ, ಬೋರ್ಡು ಸುಳ್ಳೂ ಹೇಳುತ್ತಿಲ್ಲ.

ಇದೇ ಲೆಕ್ಕ 120 ಕಿಲೋವ್ಯಾಟಿನ ಯಂತ್ರದಲ್ಲಿ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಕೇಬಲ್ಲಿನ ಮಿತಿ 200 ಆಂಪಿಯರ್ ಆಗಿದ್ದರೆ 120 ಕಿಲೋವ್ಯಾಟ್ ಸಿಗುವುದು 600 ವೋಲ್ಟಿನ ಬ್ಯಾಟರಿಗೆ ಮಾತ್ರ. ಹ್ಯುಂಡೈ ಐಯೊನಿಕ್ 5, ಕಿಯಾ ಇವಿ6 ಥರದ ದುಬಾರಿ ಕಾರುಗಳ ವೋಲ್ಟೇಜು ಆ ಮಟ್ಟದ್ದು. ಅವುಗಳನ್ನು ಬಿಟ್ಟು ಉಳಿದ 350 ವೋಲ್ಟಿನ ಕಾರಿಗೆ ಅಲ್ಲಿ ಸಿಗುವುದು 70 ಕಿಲೋವ್ಯಾಟ್. ಜೊತೆಗೆ ಎರಡು ಗನ್ನಿನ ಯಂತ್ರಗಳಲ್ಲಿ ಬೋರ್ಡಿನ ಸಂಖ್ಯೆ ಎರಡೂ ಗನ್ನಿಗೆ ಸೇರಿದ ಒಟ್ಟು ಮೊತ್ತವಾಗಿರುವುದು ಮಾಮೂಲು. ಪಕ್ಕದಲ್ಲಿ ಇನ್ನೊಂದು ಕಾರು ಬಂದು ಗನ್ ಚುಚ್ಚಿದ ಕ್ಷಣಕ್ಕೆ ನಿಮ್ಮ 60 ಥಟ್ಟನೆ 30ಕ್ಕೆ ಇಳಿದರೆ ಬ್ಯಾಟರಿಯ ಶಾಸ್ತ್ರ ಓದಬೇಕಾಗಿಲ್ಲ, ಪಕ್ಕಕ್ಕೆ ತಿರುಗಿ ನೋಡಿದರೆ ಸಾಕು.

ಮನೆಯಲ್ಲೋ ಆಫೀಸಿನಲ್ಲೋ ರಾತ್ರಿಯಿಡೀ ಹಾಕಿಡುವ ಎ.ಸಿ. ಚಾರ್ಜಿಂಗ್‌ನ ಕಥೆ ಬೇರೆ, ಸಣ್ಣದು. ಅಲ್ಲಿ ಎ.ಸಿ.ಯನ್ನು ಡಿ.ಸಿ.ಗೆ ಬದಲಿಸುವ ಪೆಟ್ಟಿಗೆ ಕಾರಿನೊಳಗೇ ಇರುತ್ತದೆ. ಅದು 3.3 ಕಿಲೋವ್ಯಾಟಿನದಾಗಿದ್ದರೆ ಗೋಡೆಗೆ 7.2 ಕಿಲೋವ್ಯಾಟಿನ ಪೆಟ್ಟಿಗೆ ಹಾಕಿಸಿದರೂ ಸಿಗುವುದು 3.3 ಮಾತ್ರ. ಉಷ್ಣತೆ, ಕರ್ವ್ ಎಂಬ ರಗಳೆಗಳು ಅಷ್ಟು ಕಡಿಮೆ ಮಟ್ಟದಲ್ಲಿ ಹೆಚ್ಚಾಗಿ ತಲೆ ಹಾಕುವುದಿಲ್ಲ. ಅವು ಕಾಡುವುದು ಡಿ.ಸಿ. ಫಾಸ್ಟ್ ಚಾರ್ಜಿಂಗ್‌ನಲ್ಲಿ. ಅದಕ್ಕೇ ಈಗ ಕಾರಿನ ಕಡೆಗೆ ಬರೋಣ.

ಕಾರು ಯಾಕೆ ಕಡಿಮೆ ಕೇಳುತ್ತದೆ? ಬ್ಯಾಟರಿ ಪ್ಯಾಕ್ ಎಂದರೆ ನೂರರ ಲೆಕ್ಕದ ಸೆಲ್‌ಗಳ ಸಾಲು. ಒಂದೊಂದು ಸೆಲ್ಲಿನಲ್ಲೂ ಎರಡು ಬದಿ. ಚಾರ್ಜ್ ಮಾಡುವುದೆಂದರೆ ಲಿಥಿಯಂ ಅಯಾನುಗಳನ್ನು ಒಂದು ಬದಿಯಿಂದ ಹೊರಡಿಸಿ ಇನ್ನೊಂದು ಬದಿಯಲ್ಲಿರುವ ಗ್ರಾಫೈಟಿನೊಳಗೆ ಸೇರಿಸುವುದು. ಗ್ರಾಫೈಟು ಪದರ ಪದರವಾಗಿರುವ ಇಂಗಾಲ, ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಅದೇ ವಸ್ತು. ಅಯಾನುಗಳು ಈ ಪದರಗಳ ನಡುವೆ ನುಸುಳಿ ಕೂರಬೇಕು. ಹೊರಗಿನಿಂದ ನಾವು ಎಷ್ಟೇ ಆಂಪಿಯರ್ ತಂದು ಸುರಿದರೂ ಅವು ಒಳಗೆ ಹೋಗಿ ಕೂರುವ ವೇಗ ಗ್ರಾಫೈಟಿಗೆ ಬಿಟ್ಟದ್ದು.

ಮದುವೆ ಮನೆಯ ಊಟದ ಹಾಲನ್ನು ನೆನೆಸಿಕೊಳ್ಳಿ. ಬಾಗಿಲು ತೆಗೆದಾಗ ಪಂಕ್ತಿಯೆಲ್ಲ ಖಾಲಿ. ಎಷ್ಟು ಜನ ನುಗ್ಗಿದರೂ ಸಿಕ್ಕಿದ ಎಲೆಯ ಮುಂದೆ ಕೂತುಬಿಡುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಬರುವವರು ಎಲ್ಲಿ ಖಾಲಿ ಇದೆ ಎಂದು ಕೊನೆಯ ಸಾಲಿನವರೆಗೂ ನಡೆದು ಹುಡುಕಬೇಕು. ಆಗಲೂ ಬಾಗಿಲಲ್ಲಿ ಮೊದಲಿನಷ್ಟೇ ಜನರನ್ನು ಒಳಗೆ ಬಿಟ್ಟರೆ ಅವರು ಕೂರಲಾಗದೆ ಬಾಗಿಲ ಬಳಿಯೇ ಗುಂಪುಗಟ್ಟಿ ನಿಲ್ಲುತ್ತಾರೆ. ಗ್ರಾಫೈಟಿನ ಬಾಗಿಲಲ್ಲಿ ಹೀಗೆ ಗುಂಪುಗಟ್ಟಿದ ಅಯಾನುಗಳು ಸುಮ್ಮನೆ ಕಾಯುವುದಿಲ್ಲ. ಅಲ್ಲೇ ಮೇಲ್ಮೈಯಲ್ಲಿ ಲಿಥಿಯಂ ಲೋಹವಾಗಿ ಮೆತ್ತಿಕೊಳ್ಳುತ್ತವೆ. ಹಾಗೆ ಮೆತ್ತಿಕೊಂಡ ಲಿಥಿಯಂನಲ್ಲಿ ಒಂದು ಪಾಲು ಮತ್ತೆಂದೂ ಕೆಲಸಕ್ಕೆ ಬರುವುದಿಲ್ಲ, ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಅಷ್ಟು ಕುಗ್ಗುತ್ತದೆ. ಇದು ಪದೇ ಪದೇ ಆದರೆ ಲೋಹ ಸೂಜಿಯ ಹಾಗೆ ಬೆಳೆದು ಎರಡು ಬದಿಗಳ ನಡುವಿನ ತೆಳು ಪರದೆಯನ್ನು ತೂತು ಮಾಡಬಹುದು. ಆಗ ಒಳಗೊಳಗೇ ಶಾರ್ಟ್ ಆಗುತ್ತದೆ. ಕಾರು ತಯಾರಿಸುವವರು ಎಲ್ಲಕ್ಕಿಂತ ಹೆದರುವುದು ಇದಕ್ಕೆ.

ಕಾವಲಿಗೆ ಇರುವುದು ಬಿಎಂಎಸ್, ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರು. ಅದರ ಬಳಿ ಒಂದು ಕೋಷ್ಟಕ ಇರುತ್ತದೆ. ಬ್ಯಾಟರಿ ಇಷ್ಟು ಶೇಕಡಾ ತುಂಬಿದ್ದು, ಉಷ್ಣತೆ ಇಷ್ಟಿದ್ದರೆ, ಹೆಚ್ಚೆಂದರೆ ಇಷ್ಟು ಆಂಪಿಯರ್ ಎಂದು ತಯಾರಕರು ಪ್ರಯೋಗಾಲಯದಲ್ಲಿ ಸೆಲ್‌ಗಳನ್ನು ಪರೀಕ್ಷಿಸಿ ತುಂಬಿಟ್ಟ ಕೋಷ್ಟಕ. ಶೇಕಡಾವಾರನ್ನು ಅಡ್ಡಕ್ಕೆ, ಕಿಲೋವ್ಯಾಟನ್ನು ಲಂಬಕ್ಕೆ ಇಟ್ಟು ಗೆರೆ ಎಳೆದರೆ ಸಿಗುವುದೇ ಚಾರ್ಜಿಂಗ್ ಕರ್ವ್. ಶುರುವಿನಲ್ಲಿ ಎತ್ತರ, ಅರ್ಧ ದಾಟಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿತ, 80ರ ನಂತರ ಜಾರುಬಂಡೆ. ಕಂಪನಿಗಳು ಜಾಹೀರಾತಿನಲ್ಲಿ ಹಾಕುವುದು ಈ ಗೆರೆಯ ಅತಿ ಎತ್ತರದ ತುದಿಯನ್ನು. ಆ ತುದಿಯಲ್ಲಿ ಕಾರು ಕೆಲವೇ ನಿಮಿಷ ಇರಬಹುದು.

ಐಯೊನಿಕ್ 5ರ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ 72.6 ಯೂನಿಟ್ ಬ್ಯಾಟರಿಯೊಂದಿಗೆ ಬಂದ ಈ ಕಾರು 350 ಕಿಲೋವ್ಯಾಟಿನ ಚಾರ್ಜರಿನಲ್ಲಿ 18 ನಿಮಿಷದಲ್ಲಿ ಶೇ. 10ರಿಂದ 80ಕ್ಕೆ ಏರುತ್ತದೆ ಎಂದು ಕಂಪನಿ ಹೇಳುತ್ತದೆ. ಶೇ. 70 ಎಂದರೆ ಸುಮಾರು 51 ಯೂನಿಟ್. ಅದನ್ನು 18 ನಿಮಿಷಕ್ಕೆ ಹಂಚಿದರೆ ಸರಾಸರಿ ಬರುವುದು 170 ಕಿಲೋವ್ಯಾಟ್. ವೇಗದ ಚಾರ್ಜಿಂಗ್‌ಗೇ ಹೆಸರಾದ ಕಾರು, ಕಂಪನಿಯೇ ಎದೆ ತಟ್ಟಿ ಹೇಳಿಕೊಳ್ಳುವ ದಾಖಲೆ. ಅದರಲ್ಲೂ ಸರಾಸರಿ ಬೋರ್ಡಿನ ಸಂಖ್ಯೆಯ ಅರ್ಧವನ್ನು ಮುಟ್ಟುವುದಿಲ್ಲ.

ಕೋಷ್ಟಕದ ಇನ್ನೊಂದು ಅಂಕಣ ಉಷ್ಣತೆ. ಇದು ಎರಡು ತುದಿಯಲ್ಲೂ ಕಡಿತ ಮಾಡುತ್ತದೆ, ಆದರೆ ಎರಡಕ್ಕೂ ಕಾರಣ ಬೇರೆ ಬೇರೆ.

ನಮ್ಮ ಕಡೆ ಹೆಚ್ಚು ಎದುರಾಗುವುದು ಸೆಕೆ. ಪ್ರತಿ ಸೆಲ್ಲಿಗೂ ಒಳಗೆ ಒಂದಿಷ್ಟು ತಡೆ ಇರುತ್ತದೆ, ವಿದ್ಯುತ್ತು ಹರಿದಾಗ ಆ ತಡೆಯಲ್ಲಿ ಶಾಖ ಹುಟ್ಟುತ್ತದೆ. ಆಂಪಿಯರ್ ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಪ್ಯಾಕಿನ ಒಟ್ಟು ತಡೆ 0.1 ಓಮ್ ಎಂದಿಟ್ಟುಕೊಂಡರೆ, 100 ಆಂಪಿಯರ್‌ನಲ್ಲಿ 1 ಕಿಲೋವ್ಯಾಟ್ ಶಾಖ, 200 ಆಂಪಿಯರ್‌ನಲ್ಲಿ 4 ಕಿಲೋವ್ಯಾಟ್. ಇದೆಲ್ಲ ಹುಟ್ಟುವುದು ಕಾರಿನ ನೆಲದಡಿ, ಮೊಹರು ಮಾಡಿದ ಪೆಟ್ಟಿಗೆಯೊಳಗೆ. ಸೆಲ್ 45 ಡಿಗ್ರಿ ದಾಟುತ್ತಿದ್ದಂತೆ ಅದರೊಳಗಿನ ರಾಸಾಯನಿಕಗಳು ಬೇಡದ ಕ್ರಿಯೆಗಳಿಗೆ ಇಳಿಯುತ್ತವೆ, ಆಯಸ್ಸು ಬೇಗ ಕರಗುತ್ತದೆ. ಹಾಗಾಗಿ ಬಿಎಂಎಸ್ ಆ ಸುಮಾರಿನಲ್ಲಿ ಆಂಪಿಯರ್ ಇಳಿಸಲು ಶುರು ಮಾಡುತ್ತದೆ. ಮಿತಿ ಎಷ್ಟೆಂಬುದು ಕಾರಿನಿಂದ ಕಾರಿಗೆ ಬೇರೆ. ಬಿಎಂಎಸ್ ಸರಾಸರಿ ಉಷ್ಣತೆಯನ್ನು ನೋಡಿ ಸಮಾಧಾನಪಡುವುದಿಲ್ಲ, ಎಲ್ಲಕ್ಕಿಂತ ಬಿಸಿಯಾಗಿರುವ ಸೆಲ್ಲನ್ನು ನೋಡುತ್ತದೆ. ನೂರು ಸೆಲ್ಲಿನಲ್ಲಿ ಒಂದು ಮೂಲೆಯದು ಕಾದರೂ ಇಡೀ ಪ್ಯಾಕಿಗೆ ಕಡಿತ.

ತಂಪು ಮಾಡುವ ವ್ಯವಸ್ಥೆ ಎಷ್ಟು ಮುಖ್ಯ ಎಂಬುದಕ್ಕೆ ನಿಸಾನ್ ಲೀಫ್ ಕಾರಿನ ಪ್ರಕರಣವನ್ನು ಇವಿ ಬಲ್ಲವರು ಇವತ್ತಿಗೂ ಎತ್ತುತ್ತಾರೆ. 40 ಯೂನಿಟ್ ಬ್ಯಾಟರಿಯ ಹೊಸ ಲೀಫ್ 2018ರಲ್ಲಿ ಯುರೋಪಿನ ರಸ್ತೆಗಿಳಿಯಿತು. ಅದರ ಬ್ಯಾಟರಿಯನ್ನು ತಂಪು ಮಾಡಲು ದ್ರವದ ವ್ಯವಸ್ಥೆ ಇರಲಿಲ್ಲ, ಹೊರಗಿನ ಗಾಳಿಗೆ ತಾನಾಗಿ ಆರಬೇಕಿತ್ತು. ದಿನದ ಮೊದಲ ಫಾಸ್ಟ್ ಚಾರ್ಜ್ ಸರಿಯಾಗಿಯೇ ಆಗುತ್ತಿತ್ತು. ಹೆದ್ದಾರಿಯಲ್ಲಿ ಓಡಿಸಿ ಎರಡನೆಯ, ಮೂರನೆಯ ಸಲ ಹಾಕಿದರೆ 50 ಕಿಲೋವ್ಯಾಟಿನ ಯಂತ್ರದಲ್ಲಿ ಅದರ ಅರ್ಧವೂ ಬರುತ್ತಿರಲಿಲ್ಲ. ಮಾಲೀಕರು ಸಿಟ್ಟಾಗಿ ಇದಕ್ಕೆ ‘ರಾಪಿಡ್‌ಗೇಟ್’ ಎಂದು ಅಡ್ಡಹೆಸರಿಟ್ಟರು. ಬ್ಯಾಟರಿಯನ್ನು ಕಾಪಾಡಲೆಂದೇ ವೇಗ ಇಳಿಸಿದ್ದೇವೆ ಎಂಬುದು ಕಂಪನಿಯ ಉತ್ತರ.

ಈಗಿನ ಹೆಚ್ಚಿನ ಕಾರುಗಳಲ್ಲಿ ಪ್ಯಾಕಿನ ಕೆಳಗೆ ಕೂಲಂಟ್ ಹರಿಯುತ್ತದೆ. ಬಿಸಿ ಹೆಚ್ಚಾದಾಗ ಆ ಕೂಲಂಟನ್ನು ತಣ್ಣಗೆ ಮಾಡುವುದು ಕಾರಿನ ಎ.ಸಿ.ಯ ಕಂಪ್ರೆಸರ್. ಮಧ್ಯಾಹ್ನ ಚಾರ್ಜ್ ಮಾಡುವಾಗ ಬಾನೆಟ್ಟಿನೊಳಗೆ ಫ್ಯಾನು ಭೋರೆಂದು ತಿರುಗುವುದು ಅದಕ್ಕೇ. ಇದಕ್ಕೆ ಬೇಕಾದ ಕರೆಂಟೂ ಚಾರ್ಜರಿನಿಂದಲೇ ಬರಬೇಕು. ಬ್ಯಾಟರಿ ತಂಪಾಗಲು ಒಂದಿಷ್ಟು, ಒಳಗೆ ಕೂತು ಮೊಬೈಲು ನೋಡುತ್ತಿರುವ ಮನೆಮಂದಿಗೆ ಒಂದಿಷ್ಟು. ಎರಡೂ ಸೇರಿ 3-4 ಕಿಲೋವ್ಯಾಟ್ ಹೋಗಬಹುದು. ಚಾರ್ಜರಿನ ಪರದೆ 60 ಎಂದೂ ಕಾರಿನ ಪರದೆ 56 ಎಂದೂ ತೋರಿಸಿದರೆ ಎರಡೂ ಸರಿಯೇ. ಒಂದು ಗನ್ನಿನಿಂದ ಹೊರಟದ್ದನ್ನು ಹೇಳುತ್ತದೆ, ಇನ್ನೊಂದು ಬ್ಯಾಟರಿಗೆ ಸೇರಿದ್ದನ್ನು. ಬಿಲ್ಲು ಮಾತ್ರ ಗನ್ನಿನ ಲೆಕ್ಕಕ್ಕೆ.

ಚಳಿಯ ಕಡಿತಕ್ಕೆ ಕಾರಣ ಮತ್ತೆ ಗ್ರಾಫೈಟು. ತಣ್ಣಗಿದ್ದಾಗ ಅಯಾನುಗಳು ಅದರೊಳಗೆ ನುಸುಳುವುದು ತೀರಾ ನಿಧಾನ, ಸೆಲ್ಲಿನ ಒಳತಡೆಯೂ ಏರುತ್ತದೆ. ಮಾಮೂಲಿ ಆಂಪಿಯರ್ ಕೊಟ್ಟರೂ ಬಾಗಿಲಲ್ಲಿ ಗುಂಪು ಸೇರಿ ಲೋಹ ಮೆತ್ತಿಕೊಳ್ಳುತ್ತದೆ. ಹಾಗಾಗಿ ಸೆಲ್ ಸುಮಾರು 25 ಡಿಗ್ರಿಗಿಂತ ಮೇಲಿದ್ದರೆ ಪೂರ್ತಿ ವೇಗ, ಹತ್ತರ ಸುಮಾರಿಗೆ ಇಳಿದರೆ ಗಣನೀಯ ಕಡಿತ, ಸೊನ್ನೆಗೆ ಬಂದರೆ ತೊಟ್ಟು ತೊಟ್ಟು ಎನ್ನುವುದು ಸ್ಥೂಲ ಕ್ರಮ. 2024ರ ಜನವರಿಯಲ್ಲಿ ಷಿಕಾಗೊ ಸುತ್ತಮುತ್ತ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ಬಿದ್ದಾಗ ಚಾರ್ಜಿಂಗ್ ಕೇಂದ್ರಗಳ ಮುಂದೆ ಟೆಸ್ಲಾ ಕಾರುಗಳ ಉದ್ದುದ್ದ ಸಾಲು ನಿಂತದ್ದು ಸುದ್ದಿಯಾಗಿತ್ತು. ಚಾರ್ಜರುಗಳು ಕೆಟ್ಟದ್ದೂ ಇತ್ತೆನ್ನಿ, ಆದರೆ ಬ್ಯಾಟರಿಯನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳದೆ ಬಂದ ಕಾರುಗಳು ಗಂಟೆಗಟ್ಟಲೆ ಜಾಗ ಹಿಡಿದದ್ದೂ ಸಾಲು ಬೆಳೆಯಲು ಕಾರಣ. ಅಲ್ಲಿ ಕಾರಿನ ಮ್ಯಾಪಿನಲ್ಲಿ ಚಾರ್ಜರನ್ನೇ ಗುರಿಯಾಗಿ ಹಾಕಿದರೆ, ಹೋಗುವ ದಾರಿಯಲ್ಲೇ ಕಾರು ಬ್ಯಾಟರಿಯನ್ನು ಬಿಸಿ ಮಾಡಿಕೊಳ್ಳುತ್ತದೆ. ಇದಕ್ಕೆ ಪ್ರೀಕಂಡೀಷನಿಂಗ್ ಎಂದು ಹೆಸರು. ನಮ್ಮಲ್ಲಿ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಡಿಸೆಂಬರಿನ ರಾತ್ರಿಯಿಡೀ ಹೊರಗೆ ನಿಂತ ಕಾರನ್ನು ಬೆಳಗ್ಗೆ ಎದ್ದವರೇ ಫಾಸ್ಟ್ ಚಾರ್ಜರಿಗೆ ಒಯ್ದರೆ ಇದರ ಸಣ್ಣ ರುಚಿ ಸಿಗುತ್ತದೆ. ರಾತ್ರಿ ತಲುಪಿದ ಕೂಡಲೇ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗಲೇ ಹಾಕಿಬಿಡುವುದು ಮೇಲು.

ಇದೆಲ್ಲ ಒಂದೇ ಸಲ ಸೇರಿಕೊಂಡರೆ ಹೇಗಿರುತ್ತದೆ ಎಂದು ನೋಡಲು ಮೊದಲಿನ ಜಗಳದ 38ಕ್ಕೇ ಹಿಂತಿರುಗೋಣ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ, ಹಿರಿಯೂರಿನ ಹತ್ತಿರ ಎಂದಿಟ್ಟುಕೊಳ್ಳಿ. ಮಾದರಿಗೆ ಒಂದು ಕಾರು: 60 ಯೂನಿಟ್ ಪ್ಯಾಕು, ಸಾಲಾಗಿ 100 ಸೆಲ್, ಪ್ಯಾಕಿನ ತೂಕ 400 ಕಿಲೋ, ಒಳತಡೆ 0.1 ಓಮ್. ಯಂತ್ರ 60 ಕಿಲೋವ್ಯಾಟಿನದು, 200 ಆಂಪಿಯರ್‌ವರೆಗೆ ಕೊಡಬಲ್ಲದು. ಬೆಂಗಳೂರಿನಿಂದ ಬಿಸಿಲಲ್ಲಿ ನೂರರ ವೇಗದಲ್ಲಿ ಬಂದ ಕಾರಿನ ಬ್ಯಾಟರಿ ಆಗಲೇ 39 ಡಿಗ್ರಿಯಲ್ಲಿದೆ, ಚಾರ್ಜ್ ಶೇ. 12.

ಗನ್ ಹಾಕಿದಾಗ ಪರದೆಯಲ್ಲಿ 350 ವೋಲ್ಟ್, 165 ಆಂಪಿಯರ್, ಅಂದರೆ 58 ಕಿಲೋವ್ಯಾಟ್. ಎಲ್ಲರಿಗೂ ಖುಷಿ. ಶೇ. 40 ಆಗುವಷ್ಟರಲ್ಲಿ ವೋಲ್ಟೇಜು 365ಕ್ಕೆ ಏರಿ ಸರಿಯಾಗಿ 60 ತೋರಿಸುತ್ತಿದೆ. ಇಲ್ಲಿಯವರೆಗೆ 17 ನಿಮಿಷ ಆಗಿದೆ. ಈ ಹದಿನೇಳು ನಿಮಿಷವೂ ಪ್ಯಾಕಿನೊಳಗೆ ಸುಮಾರು 2.7 ಕಿಲೋವ್ಯಾಟಿನಷ್ಟು ಶಾಖ ಹುಟ್ಟುತ್ತಲೇ ಇದೆ. ತಂಪು ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಇಷ್ಟು ಶಾಖಕ್ಕೆ 400 ಕಿಲೋ ತೂಕದ ಪ್ಯಾಕು 7 ಡಿಗ್ರಿ ಏರುತ್ತಿತ್ತು. ಕಂಪ್ರೆಸರ್ ಓಡುತ್ತಿದೆ ನಿಜ, ಆದರೆ ಹೊರಗಿನ ಗಾಳಿಯೂ 40 ಡಿಗ್ರಿಯದು, ಒಳಗೆ ಮಕ್ಕಳಿಗೆ ಎ.ಸಿ.ಯೂ ಬೇಕು. ಎಲ್ಲಕ್ಕಿಂತ ಬಿಸಿಯಾದ ಸೆಲ್ 45ನ್ನು ಮುಟ್ಟುತ್ತದೆ. ಬಿಎಂಎಸ್ ಬೇಡಿಕೆಯನ್ನು 104 ಆಂಪಿಯರ್‌ಗೆ ಇಳಿಸುತ್ತದೆ. 368 ವೋಲ್ಟನ್ನು 104ರಿಂದ ಗುಣಿಸಿ ನೋಡಿ, 38 ಕಿಲೋವ್ಯಾಟ್. ಕಾಫಿ ಮುಗಿಸಿ ಬಂದವರು ನೋಡುವುದು ಈ ಸಂಖ್ಯೆಯನ್ನು. ಮೊದಲ ಕಾಲು ಗಂಟೆಯಲ್ಲಿ 60 ಬಂದದ್ದು ಅವರ ಗಮನಕ್ಕೇ ಬಂದಿರುವುದಿಲ್ಲ.

ಆಂಪಿಯರ್ ಇಳಿದದ್ದರಿಂದ ಶಾಖ 2.7ರಿಂದ 1.1 ಕಿಲೋವ್ಯಾಟಿಗೆ ಬಿದ್ದು ಪ್ಯಾಕು ಆರತೊಡಗುತ್ತದೆ. ಹಾಗೆಂದು 60 ಮರಳಿ ಬರುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಕರ್ವ್ ಇಳಿಯುವ ಜಾಗ ಬಂದಿರುತ್ತದೆ. ಶೇ. 70ರಲ್ಲಿ 385 ವೋಲ್ಟಿಗೆ 100 ಆಂಪಿಯರ್. ಶೇ. 80ರಲ್ಲಿ 400 ವೋಲ್ಟಿಗೆ 75 ಆಂಪಿಯರ್, ಅಂದರೆ 30 ಕಿಲೋವ್ಯಾಟ್. ಶೇ. 90ರಲ್ಲಿ 16. ಕೊನೆಯಲ್ಲಿ ಸೆಲ್ಲೊಂದಕ್ಕೆ 4.2 ವೋಲ್ಟ್ ದಾಟಬಾರದೆಂಬ ಕಟ್ಟುಪಾಡು ಬರುತ್ತದೆ. ಯಾವುದಾದರೂ ಒಂದು ಸೆಲ್ ಉಳಿದವಕ್ಕಿಂತ ಮೊದಲು ಅಲ್ಲಿಗೆ ತಲುಪಿದರೂ ಎಲ್ಲವೂ ಅದಕ್ಕಾಗಿ ನಿಧಾನಿಸಬೇಕು, 97ರ ಮೇಲೆ 6 ಕಿಲೋವ್ಯಾಟ್ ಬಂದರೆ ಹೆಚ್ಚು. ಒಟ್ಟು ಸಮಯ ಕೂಡಿಸಿದರೆ ಶೇ. 12ರಿಂದ 80ಕ್ಕೆ 55 ನಿಮಿಷದ ಸುಮಾರು, 80ರಿಂದ 100ಕ್ಕೆ ಇನ್ನೂ ಒಂದು ಗಂಟೆಯ ಸುಮಾರು. ಆ ಒಂದು ಗಂಟೆಯಲ್ಲಿ ಸಿಗುವುದು 12 ಯೂನಿಟ್, 80-90 ಕಿಲೋಮೀಟರಿನ ಓಟ. ಮುಂದೆ ದಾವಣಗೆರೆಯಲ್ಲೋ ಹಾವೇರಿಯಲ್ಲೋ ಇನ್ನೊಂದು ಚಾರ್ಜರ್ ಇದೆಯೆಂದು ಗೊತ್ತಿದ್ದೂ 100 ಆಗಲೆಂದು ಗನ್ ಹಿಡಿದುಕೊಂಡು ಕೂರುವವರನ್ನು ಕಂಡರೆ, ಹಿಂದೆ ಕಾಯುತ್ತಿರುವವರ ಸಿಟ್ಟು ನ್ಯಾಯವೇ ಅನ್ನಿಸುತ್ತದೆ.

ಎಲ್‌ಎಫ್‌ಪಿ ಸೆಲ್ಲಿನ ಕಾರುಗಳಲ್ಲಿ ಈ ಚಿತ್ರ ಸ್ವಲ್ಪ ಬೇರೆ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿ ಇರುವುದು ಇದೇ ಜಾತಿಯ ಸೆಲ್. ಅದರ ವೋಲ್ಟೇಜು ಬಹುಪಾಲು ದೂರ 3.3ರ ಸುಮಾರಿನಲ್ಲೇ ನಿಂತಿರುತ್ತದೆ, ತುಂಬುವ ಹೊತ್ತಿಗೆ ಒಮ್ಮೆಲೇ 3.65ಕ್ಕೆ ಏರುತ್ತದೆ. ಅಷ್ಟೇ ಸೆಲ್ಲಿದ್ದರೂ ಪ್ಯಾಕಿನ ವೋಲ್ಟೇಜು ಕಡಿಮೆ, ಆದ್ದರಿಂದ ಅದೇ ಆಂಪಿಯರ್‌ಗೆ ಕಿಲೋವ್ಯಾಟೂ ಕಡಿಮೆ. ಇಳಿತ ತಡವಾಗಿ ಶುರುವಾದರೂ ಕಡಿದಾಗಿರುತ್ತದೆ. ಚಳಿಗಂತೂ ಇದು ಇನ್ನಷ್ಟು ಮುದುಡುತ್ತದೆ.

ಹಾಗಾದರೆ ಯಂತ್ರದ್ದೇ ತಪ್ಪು ಯಾವಾಗ? ಇದನ್ನು ಆಂಪಿಯರ್ ನೋಡಿ ಹೇಳಬಹುದು. ಕಾರಿನ ಕಾರಣದಿಂದ ಬರುವ ಕಡಿತ ಬದಲಾಗುತ್ತಿರುತ್ತದೆ. ಶೇಕಡಾವಾರು ಏರಿದಂತೆ ಆಂಪಿಯರ್ ಮೆಟ್ಟಿಲು ಇಳಿದರೆ ಕರ್ವ್. ಚಾರ್ಜು ಇನ್ನೂ ಕಡಿಮೆ ಇರುವಾಗಲೇ, ಕಾಲು ಗಂಟೆ ಚೆನ್ನಾಗಿ ನಡೆದು ಆಮೇಲೆ ಬಿದ್ದರೆ ಸೆಕೆ. ಶುರುವಿನಲ್ಲಿ ಕಡಿಮೆ ಇದ್ದು ನಿಮಿಷ ಕಳೆದಂತೆ ಏರಿದರೆ ಚಳಿ. ಆಂಪಿಯರ್ ಮೊದಲಿನಿಂದಲೂ 125, 200 ಎಂಬಂಥ ದುಂಡು ಸಂಖ್ಯೆಯಲ್ಲಿ ಅಲುಗಾಡದೆ ನಿಂತು, ವೋಲ್ಟ್ ಮಾತ್ರ ನಿಧಾನಕ್ಕೆ ಏರುತ್ತಿದ್ದರೆ ನೀವು ಕೇಬಲ್ಲಿನ ಮಿತಿಯಲ್ಲಿದ್ದೀರಿ. ಕಿಲೋವ್ಯಾಟೇ 30ರಲ್ಲಿ ಅಂಟಿಕೊಂಡಿದ್ದು, ವೋಲ್ಟ್ ಏರಿದಷ್ಟೂ ಆಂಪಿಯರ್ ಇಳಿದು ಗುಣಲಬ್ಧ 30ನ್ನು ಬಿಟ್ಟು ಕದಲದಿದ್ದರೆ ಮಿತಿ ಯಂತ್ರದ್ದು.

ಈ ಕೊನೆಯ ಗುರುತು ತಿಳಿದಿರುವುದು ಒಳ್ಳೆಯದು. ಯಂತ್ರದೊಳಗೆ ವಿದ್ಯುತ್ತನ್ನು ಡಿ.ಸಿ.ಗೆ ಬದಲಿಸುವುದು ಒಂದೇ ದೊಡ್ಡ ಪೆಟ್ಟಿಗೆಯಲ್ಲ, ಬೀರುವಿನ ಖಾನೆಗಳಂತೆ ಜೋಡಿಸಿದ ಮಾಡ್ಯೂಲ್‌ಗಳು. 60 ಕಿಲೋವ್ಯಾಟಿನ ಯಂತ್ರದಲ್ಲಿ 30ರವು ಎರಡು ಇರಬಹುದು, 20ರವು ಮೂರು ಇರಬಹುದು. ಒಂದು ಕೆಟ್ಟರೆ ಯಂತ್ರ ನಿಲ್ಲುವುದಿಲ್ಲ, ಉಳಿದದ್ದರಲ್ಲಿ ಓಡುತ್ತದೆ, ಪರದೆಯಲ್ಲಿ ತಪ್ಪೆಂದು ತೋರಿಸದೆಯೂ ಇರಬಹುದು. ರಸ್ತೆಯ ಧೂಳು ಫಿಲ್ಟರಿಗೆ ಮೆತ್ತಿಕೊಂಡು ಗಾಳಿಯಾಡದೆ ಮಾಡ್ಯೂಲ್ ಕಾದರೂ ಅದು ತನ್ನ ಪಾಲನ್ನು ತಾನೇ ಇಳಿಸಿಕೊಳ್ಳುತ್ತದೆ. ಗನ್ನಿನ ಪಿನ್ನಿನಲ್ಲೂ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ಸವೆದ ಪಿನ್ನು ಸರಿಯಾಗಿ ಕಚ್ಚದೆ ಬಿಸಿಯಾದರೆ ಅಲ್ಲಿಂದಲೂ ಕಡಿತ ಬರುತ್ತದೆ. ‘ಗನ್ ತೆಗೆದು ಇನ್ನೊಂದ್ಸಲ ಹಾಕಿ’ ಎಂಬ ಹುಡುಗನ ಮೊದಲನೆಯ ಉತ್ತರಕ್ಕೆ ಅರ್ಥವಿರುವುದು ಈ ಒಂದು ಸಂದರ್ಭದಲ್ಲಿ. ಬ್ಯಾಟರಿ ಶೇ. 20-50ರ ನಡುವೆ ಇದ್ದು, ತೀರಾ ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ, ಪಕ್ಕದ ಗನ್ ಖಾಲಿ ಇದ್ದೂ ಅರ್ಧಕ್ಕೇ ನಿಂತಿದ್ದರೆ, ಪರದೆಯ ವೋಲ್ಟ್, ಆಂಪಿಯರ್, ಶೇಕಡಾವಾರು ಮೂರೂ ಕಾಣುವಂತೆ ಒಂದು ಫೋಟೊ ತೆಗೆದು ಯಂತ್ರದ ಮೇಲೆ ಬರೆದಿರುವ ನಂಬರಿಗೆ ಕಳಿಸಿ. ಆ ಮೂರು ಸಂಖ್ಯೆ ಕೈಯಲ್ಲಿದ್ದರೆ ಅವರ ಟೆಕ್ನಿಶಿಯನ್ ಕಾರಿನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಕಷ್ಟ.